0.8ಕ್ಕೆ ಸಿಗುವ ಬ್ಯಾಂಕು ನಿಜಕ್ಕೂ ಅಗ್ಗವೇ?

ಗುಬ್ಬಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ವರ್ಷಕ್ಕೊಮ್ಮೆ ಲೆಕ್ಕಪತ್ರದ ಕೆಲಸಕ್ಕೆ ತುಮಕೂರಿನ ನನ್ನ ಆಫೀಸಿಗೆ ಬರುತ್ತಾರೆ. ಈ ಸಲ ಬಂದವರು ತೆರಿಗೆ ರಿಟರ್ನ್ ವಿಷಯ ಎತ್ತಲೇ ಇಲ್ಲ. ಮೊಬೈಲ್ ತೆಗೆದು ಮುಂದಿಟ್ಟರು. ಪರದೆಯಲ್ಲಿ ಎರಡು ಕಂಪನಿ. ಒಂದು ಬ್ಯಾಂಕು, ಅದರ ಮುಂದೆ P/B 0.8 ಅಂತಿತ್ತು. ಇನ್ನೊಂದು ಸೋಪು, ಪೇಸ್ಟು ಮಾರುವ ಕಂಪನಿ, ಅದರ ಮುಂದೆ P/B 40.

"ಬ್ಯಾಂಕಿನವನು ನೂರು ರೂಪಾಯಿ ಮಾಲನ್ನ ಎಂಬತ್ತಕ್ಕೆ ಕೊಡ್ತಿದಾನೆ. ಸೋಪಿನವನು ನೂರು ರೂಪಾಯಿ ಮಾಲಿಗೆ ನಾಲ್ಕು ಸಾವಿರ ಕೇಳ್ತಿದಾನೆ. ಯಾವುದು ತಗೋಬೇಕು ಅಂತ ಕೇಳೋದೇ ಬೇಡ, ಅಲ್ವಾ ಸ್ವಾಮಿ?"

ಕೇಳಬೇಕು. ಸೋಪಿನ ಕಂಪನಿಯ 40 ನೋಡಿ ಅದು ದುಬಾರಿ ಅಂತ ಹೇಳಲು ಆಗುವುದೇ ಇಲ್ಲ. ಬ್ಯಾಂಕಿನ 0.8ಕ್ಕೆ ಅರ್ಥ ಇದೆ, ಆದರೆ ಆ ಅರ್ಥ "ಅಗ್ಗ" ಅಂತಲೇ ಆಗಬೇಕಿಲ್ಲ. ಒಂದೇ ಅಳತೆ ಒಂದು ಕಡೆ ಕೆಲಸಕ್ಕೆ ಬಂದು ಇನ್ನೊಂದು ಕಡೆ ಯಾಕೆ ಸುಮ್ನೆ ಅಂಕಿಯಾಗಿ ಉಳಿಯುತ್ತದೆ ಅನ್ನುವುದನ್ನು ಅವರಿಗೆ ಅವರದೇ ಮಂಡಿಯಿಂದ ಶುರುಮಾಡಿ ಹೇಳಿದೆ.

ಮೊದಲು ಅಳತೆ ಏನು ಅಂತ ನೋಡೋಣ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಕೊಡಬೇಕಾದ ಬಾಕಿ. ಆಸ್ತಿಯಲ್ಲಿ ಬಾಕಿ ಕಳೆದರೆ ಉಳಿಯುವುದು ಷೇರುದಾರರ ಪಾಲು. ಅದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಷೇರಿನ ಪುಸ್ತಕ ಮೌಲ್ಯ ಸಿಗುತ್ತದೆ. ಮಾರುಕಟ್ಟೆ ಬೆಲೆಯನ್ನು ಈ ಪುಸ್ತಕ ಮೌಲ್ಯದಿಂದ ಭಾಗಿಸಿದರೆ ಬರುವುದೇ P/B. ಪುಸ್ತಕದಲ್ಲಿ 100 ರೂಪಾಯಿ ಇದ್ದು ಷೇರು 80ಕ್ಕೆ ಸಿಕ್ಕರೆ 0.8.

ಇಲ್ಲಿ ನಡೆಯುವುದು ಒಂದು ಕಳೆಯುವ ಲೆಕ್ಕ ಅಷ್ಟೆ. ಕಳೆಯುವ ಲೆಕ್ಕದ ಉತ್ತರ ಸರಿ ಬರಬೇಕಾದರೆ ಎರಡೂ ಕಡೆಯ ಅಂಕಿ ಸರಿ ಇರಬೇಕು. ಬಾಕಿಯ ಅಂಕಿ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಸಾಲ ಕೊಟ್ಟವನು ತನ್ನ ಲೆಕ್ಕ ಮರೆಯುವುದಿಲ್ಲವಲ್ಲ. ತೊಂದರೆ ಇರುವುದು ಆಸ್ತಿ ಕಡೆ.

ನಮ್ಮ ವ್ಯಾಪಾರಿಯ ಪುಸ್ತಕವನ್ನೇ ನೋಡಿ. ಎಪಿಎಂಸಿ ಯಾರ್ಡಿನ ಗೋದಾಮು ಅವರ ತಂದೆಯ ಕಾಲದ್ದು. ಕೊಂಡ ಬೆಲೆಯಿಂದ ವರ್ಷವರ್ಷ ಸವಕಳಿ ಕಳೆದು ಕಳೆದು ಈಗ ಪುಸ್ತಕದಲ್ಲಿ ಲಕ್ಷ ರೂಪಾಯಿಯೂ ಇಲ್ಲ. ಇವತ್ತು ಆ ಬೆಲೆಗೆ ಅದರ ಶಟರ್ ಕೂಡ ಬರುವುದಿಲ್ಲ. ಅಡಿಕೆ ಸುಲಿಯುವ ಯಂತ್ರ ಇದಕ್ಕೆ ಉಲ್ಟಾ. ಪುಸ್ತಕದಲ್ಲಿ ಒಳ್ಳೆಯ ಬೆಲೆ ಇದೆ, ಮಾರಲು ಹೋದರೆ ಗುಜರಿ ದರ. ದಾಸ್ತಾನು ಕೊಂಡ ದರದಲ್ಲಿದೆ. ಪೇಟೆ ದರ ಅದಕ್ಕಿಂತ ಕೆಳಗೆ ಹೋದರೆ ಪುಸ್ತಕದಲ್ಲೂ ಇಳಿಸಬೇಕು, ಮೇಲೆ ಹೋದರೆ ಮಾತ್ರ ಏರಿಸುವ ಹಾಗಿಲ್ಲ. ಇನ್ನು ಅವರ ನಿಜವಾದ ಆಸ್ತಿ ಏನು? ತೂಕದಲ್ಲಿ ಮೋಸ ಇಲ್ಲ, ದುಡ್ಡು ಸಂಜೆಯೊಳಗೆ ಕೈಗೆ ಬರುತ್ತದೆ ಅಂತ ಸುತ್ತಲ ಹಳ್ಳಿಗಳ ರೈತರು ಮೂವತ್ತು ವರ್ಷದಿಂದ ಅವರ ಮಂಡಿಗೇ ಅಡಿಕೆ ತರುವುದು. ಆ ನಂಬಿಕೆಗೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮಂಡಿ ಕೊಳ್ಳಲು ಬರುವವನು ಮೊದಲು ಕೇಳುವುದು ಅದನ್ನೇ.

ಅವರ ಪಕ್ಕದ ಬೀದಿಯಲ್ಲಿ ಒಂದು ಗಿರವಿ ಅಂಗಡಿ ಇದೆ. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ತಕ್ಕಡಿ, ಒಂದು ದಪ್ಪ ಪುಸ್ತಕ, ಅಷ್ಟೇ. ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಒಡವೆ ಮೇಲೆ ಕೊಟ್ಟ ಸಾಲ 60 ಲಕ್ಷ, ಕೈಯಲ್ಲಿ ನಗದು 2 ಲಕ್ಷ, ಪೆಟ್ಟಿಗೆ ಪೀಠೋಪಕರಣ 1 ಲಕ್ಷ. ಒಟ್ಟು 63 ಲಕ್ಷ. ಅದರಲ್ಲಿ ಬ್ಯಾಂಕಿನಿಂದ ತಂದಿದ್ದು 40 ಲಕ್ಷ. ಉಳಿದ 23 ಲಕ್ಷ ಮಾಲೀಕನ ಸ್ವಂತ ದುಡ್ಡು. ಈ ಅಂಗಡಿಯನ್ನು ಕೊಳ್ಳಲು ಬಂದವನು ಏನು ಮಾಡುತ್ತಾನೆ? ಪುಸ್ತಕ ಬಿಚ್ಚಿ, ಪೆಟ್ಟಿಗೆಯಲ್ಲಿರುವ ಪೊಟ್ಟಣಗಳಿಗೆ ತಾಳೆ ಹಾಕುತ್ತಾನೆ. ಒಂದೊಂದು ಪೊಟ್ಟಣದ ಚಿನ್ನ ತೂಗುತ್ತಾನೆ. ಎಲ್ಲ ಸರಿ ಇದ್ದರೆ 23 ಲಕ್ಷದ ಆಸುಪಾಸಿನಲ್ಲೇ ಮಾತುಕತೆ ನಡೆಯುತ್ತದೆ. ಗಿರಾಕಿ ಜಾಸ್ತಿ ಇರುವ ಜಾಗ ಅಂದರೆ ಸ್ವಲ್ಪ ಮೇಲೆ, ಬಿಡಿಸಿಕೊಳ್ಳದ ಹಳೇ ಪೊಟ್ಟಣ ಜಾಸ್ತಿ ಇದ್ದರೆ ಸ್ವಲ್ಪ ಕೆಳಗೆ.

ಮಂಡಿಯ ಆಸ್ತಿಯನ್ನು ರೂಪಾಯಿಗೆ ತರ್ಜುಮೆ ಮಾಡಬೇಕು. ಗಿರವಿ ಅಂಗಡಿಯ ಆಸ್ತಿ ಮೊದಲೇ ರೂಪಾಯಿ. "ಇಂಥವರು ಇಂತಿಷ್ಟು ಕೊಡಬೇಕು" ಅನ್ನುವುದೇ ಅದರ ಆಸ್ತಿ. ಮೂವತ್ತು ವರ್ಷದ ಹಿಂದಿನ ದರ ಅನ್ನುವ ಮಾತೇ ಬರುವುದಿಲ್ಲ, ಯಾಕೆಂದರೆ ಹೆಚ್ಚಿನ ಸಾಲಗಳು ವರ್ಷದೊಳಗೆ ತೀರಿ ಹೊಸದಾಗಿ ಬರೆದಂಥವು. ಬ್ಯಾಂಕು ಅಂದರೆ ಇದೇ ಅಂಗಡಿಯ ದೊಡ್ಡ ರೂಪ. P/B ಬ್ಯಾಂಕಿಗೆ, ಸಾಲ ಕೊಡುವ ಸಂಸ್ಥೆಗಳಿಗೆ ಹೊಂದುವುದಕ್ಕೆ ಮೊದಲ ಕಾರಣ ಇದು.

ಪುಸ್ತಕ ಎಷ್ಟು ದಾರಿ ತಪ್ಪಿಸಬಹುದು ಅನ್ನುವುದಕ್ಕೆ ತುಮಕೂರಿನವರು ದೂರ ಹೋಗಬೇಕಿಲ್ಲ. ನಮ್ಮ ಎಚ್‌ಎಂಟಿ ವಾಚ್ ಫ್ಯಾಕ್ಟರಿಯೇ ಇದೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಸಮಿತಿ ಒಪ್ಪಿದ್ದು 2016ರ ಜನವರಿಯಲ್ಲಿ. ಆ ಹೊತ್ತಿಗೆ ವರ್ಷವರ್ಷದ ನಷ್ಟ ಸೇರಿ ಸೇರಿ ಅದರ ಪುಸ್ತಕ ಮೌಲ್ಯ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗಿತ್ತು. ಆದರೆ ಊರಿಗೆ ಅಂಟಿಕೊಂಡ ನೂರು ಎಕರೆಗೂ ಮಿಕ್ಕ ಜಾಗ ಹಾಗೇ ಇತ್ತಲ್ಲ. ಅದನ್ನು ಆಮೇಲೆ ಇಸ್ರೋ ತೆಗೆದುಕೊಂಡಿತು. ಇದ್ದ ಜಾಗದ ಬೆಲೆಯನ್ನೂ ಪುಸ್ತಕ ಹೇಳಲಿಲ್ಲ, ಜನ ಕೈಗೆ ಕಟ್ಟಿಕೊಂಡ ಹೆಸರಿನ ಬೆಲೆಯನ್ನೂ ಹೇಳಲಿಲ್ಲ.

ಸೋಪಿನ ಕಂಪನಿಗಳ ಕತೆ ಇನ್ನೂ ತಮಾಷೆಯದು. ಹಿಂದೂಸ್ತಾನ್ ಯೂನಿಲೀವರ್ ತಾನೇ ಕಟ್ಟಿ ಬೆಳೆಸಿದ ಬ್ರಾಂಡುಗಳಿಗೆ ಪುಸ್ತಕದಲ್ಲಿ ಬೆಲೆ ಇಲ್ಲ. ಜಾಹೀರಾತಿಗೆ ಸುರಿದ ದುಡ್ಡೆಲ್ಲ ಆಯಾ ವರ್ಷದ ಖರ್ಚಾಗಿ ಹೋಗಿರುತ್ತದೆ. ಲಾಭದ ಬಹುಪಾಲನ್ನು ಡಿವಿಡೆಂಡ್ ಕೊಟ್ಟುಬಿಡುವುದರಿಂದ ಪುಸ್ತಕ ಬೆಳೆಯುವುದೂ ಇಲ್ಲ. 2020ರ ಮಾರ್ಚ್‌ನಲ್ಲಿ ಅದರ ಷೇರುದಾರರ ಪಾಲು ಪುಸ್ತಕದಲ್ಲಿ ಸುಮಾರು 8 ಸಾವಿರ ಕೋಟಿ ಇತ್ತು. ಒಂದೇ ವರ್ಷದಲ್ಲಿ ಅದು ಸುಮಾರು 47 ಸಾವಿರ ಕೋಟಿ ಆಯಿತು. ಸೋಪು ಐದು ಪಟ್ಟು ಜಾಸ್ತಿ ಮಾರಾಟವಾಯಿತೇ? ಇಲ್ಲ. ಹಾರ್ಲಿಕ್ಸ್ ಮಾಡುವ ಕಂಪನಿಯನ್ನು ವಿಲೀನ ಮಾಡಿಕೊಂಡರು, ಅದಕ್ಕೆ ಹೊಸ ಷೇರು ಕೊಟ್ಟರು. ಹೊರಗಿನಿಂದ ಕೊಂಡ ಬ್ರಾಂಡಿಗೆ ಪುಸ್ತಕದಲ್ಲಿ ಬೆಲೆ ಬರೆಯಬೇಕು ಅನ್ನುವುದು ಲೆಕ್ಕದ ನಿಯಮ. ಹಾಗಾಗಿ ಕೊಂಡ ಹಾರ್ಲಿಕ್ಸ್ ಪುಸ್ತಕದಲ್ಲಿದೆ, ತಾನೇ ಬೆಳೆಸಿದ ಲೈಫ್‌ಬಾಯ್ ಇಲ್ಲ. P/B ಅರವತ್ತರ ಆಸುಪಾಸಿನಿಂದ ಹನ್ನೆರಡು ಹದಿಮೂರಕ್ಕೆ ಬಿತ್ತು. ಒಂದೇ ಒಂದು ವಿಲೀನಕ್ಕೆ ಇಷ್ಟು ಕುಣಿಯುವ ಅಳತೆಯಿಂದ ಆ ಕಂಪನಿ ಅಗ್ಗವೋ ದುಬಾರಿಯೋ ಅಂತ ಹೇಗೆ ಹೇಳುತ್ತೀರಿ? ಅಲ್ಲಿಗೆ ಸೋಪಿನ ಮಾತು ಬಿಟ್ಟೆವು.

ಇನ್ನು ಬ್ಯಾಂಕು. ನಿಜವಾದ ಬ್ಯಾಂಕಿನ ಲಕ್ಷ ಕೋಟಿಗಳು ತಲೆ ಕೆಡಿಸುತ್ತವೆ. ಅದಕ್ಕೆ ಕಾಗದದ ಮೇಲೆ ಒಂದು ಚಿಕ್ಕ ಬ್ಯಾಂಕು ಕಟ್ಟಿದೆ. ಕೊಟ್ಟ ಸಾಲ 700 ಕೋಟಿ. ಸರ್ಕಾರಿ ಬಾಂಡು 220 ಕೋಟಿ. ರಿಸರ್ವ್ ಬ್ಯಾಂಕಿನಲ್ಲಿಟ್ಟ ಹಣ ಮತ್ತು ನಗದು 60 ಕೋಟಿ. ಕಟ್ಟಡ, ಕಂಪ್ಯೂಟರು, ಮೇಜು ಕುರ್ಚಿ ಎಲ್ಲ ಸೇರಿ 20 ಕೋಟಿ. ಒಟ್ಟು ಸಾವಿರ ಕೋಟಿ. ಕೊಡಬೇಕಾದ್ದು: ಜನರ ಠೇವಣಿ 820 ಕೋಟಿ, ಬೇರೆ ಸಾಲ 80 ಕೋಟಿ. ಉಳಿದ 100 ಕೋಟಿ ಷೇರುದಾರರದು. ಒಂದು ಕೋಟಿ ಷೇರು ಇದ್ದರೆ, ಷೇರಿಗೆ 100 ರೂಪಾಯಿ. ಮಾರುಕಟ್ಟೆಯಲ್ಲಿ ಅದು 80ಕ್ಕೆ ಸಿಗುತ್ತಿದೆ ಅಂದುಕೊಳ್ಳಿ. ನಮ್ಮ ವ್ಯಾಪಾರಿ ನೋಡಿದ ಅದೇ 0.8.

ಸಾವಿರ ಕೋಟಿಯಲ್ಲಿ ಇಟ್ಟಿಗೆ, ಕಬ್ಬಿಣದ ರೂಪದಲ್ಲಿರುವುದು ಬರೀ 20 ಕೋಟಿ. ಉಳಿದ 980 ಕೋಟಿ ಯಾರೋ ಕೊಡಬೇಕಾದ ರೂಪಾಯಿ, ಇಲ್ಲವೇ ಕೈಯಲ್ಲಿರುವ ರೂಪಾಯಿ. ಆದ್ದರಿಂದ 100 ಅನ್ನುವ ಉತ್ತರಕ್ಕೆ ತೂಕ ಇದೆ.

ಎರಡನೇ ಕಾರಣ ಇದಕ್ಕಿಂತ ಮುಖ್ಯವಾದ್ದು ಅಂತ ನನ್ನ ಅಭಿಪ್ರಾಯ. ಮಂಡಿಯವರು ಮುಂದಿನ ವರ್ಷ ಎರಡು ಪಟ್ಟು ಅಡಿಕೆ ವ್ಯಾಪಾರ ಮಾಡಬೇಕು ಅಂದರೆ ಅವರ ಪುಸ್ತಕ ಮೌಲ್ಯ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಬ್ಯಾಂಕನ್ನು ಕೇಳುತ್ತಾರೆ. ಕೊಟ್ಟ ಸಾಲಕ್ಕೆ ಅದರ ಅಪಾಯಕ್ಕೆ ತಕ್ಕಂತೆ ತೂಕ ಹಾಕಿ, ಆ ಮೊತ್ತದ ಶೇ 9ರಷ್ಟು ಬಂಡವಾಳ ಇರಲೇಬೇಕು, ಅದರ ಮೇಲೆ ಶೇ 2.5 ಹೆಚ್ಚುವರಿ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಒಟ್ಟು ಶೇ 11.5. ಇದರ ದೊಡ್ಡ ಪಾಲು ಷೇರುದಾರರ ಹಣವೇ. ಅಂದರೆ 100 ಕೋಟಿ ಬಂಡವಾಳ ಇರುವವನು ತೂಕ ಹಾಕಿದ ಲೆಕ್ಕದಲ್ಲಿ 870 ಕೋಟಿ ದಾಟಿ ಸಾಲ ಕೊಡುವಂತಿಲ್ಲ. ಠೇವಣಿ ಇಡುವವರು ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದರೂ ಅಷ್ಟೇ. ಬ್ಯಾಂಕಿಗೆ ಪುಸ್ತಕ ಮೌಲ್ಯ ಬರೀ ಲೆಕ್ಕದ ಕೊನೆ ಸಾಲಲ್ಲ, ಅದೇ ಕಚ್ಚಾ ಮಾಲು. ಎಷ್ಟು ಪುಸ್ತಕವೋ ಅಷ್ಟು ವ್ಯಾಪಾರ.

ಆದ್ದರಿಂದಲೇ ಬ್ಯಾಂಕಿನ ವಿಷಯದಲ್ಲಿ "ನೂರು ರೂಪಾಯಿ ಪುಸ್ತಕ ವರ್ಷಕ್ಕೆ ಎಷ್ಟು ದುಡಿಯುತ್ತದೆ" ಅನ್ನುವ ಪ್ರಶ್ನೆಗೆ ಅರ್ಥ ಇರುವುದು. ಪರದೆಯಲ್ಲಿ ROE ಅಂತ ಬರುವುದು ಇದೇ. ನಮ್ಮ ಕಾಗದದ ಬ್ಯಾಂಕು ವರ್ಷಕ್ಕೆ 10 ಕೋಟಿ ಲಾಭ ಮಾಡುತ್ತದೆ ಅಂದುಕೊಳ್ಳಿ. ಅಂದರೆ 100ಕ್ಕೆ 10.

"ನಿಮಗೆ ಷೇರಿನಲ್ಲಿ ವರ್ಷಕ್ಕೆ ಎಷ್ಟು ಬಂದರೆ ಸಮಾಧಾನ?" ಅಂತ ಕೇಳಿದೆ.

"ಎಫ್‌ಡಿಲೇ ಏಳು ಬರುತ್ತೆ. ಇಷ್ಟು ತಲೆನೋವು ತಗೊಂಡ್ಮೇಲೆ ಹದಿಮೂರಾದ್ರೂ ಬೇಡ್ವಾ?"

ಸರಿ, ಹದಿಮೂರು. ವರ್ಷವರ್ಷ 10 ರೂಪಾಯಿ ತರುವ ವಸ್ತುವಿನಿಂದ ಶೇ 13 ಗಳಿಸಬೇಕಾದರೆ ಅದಕ್ಕೆ ಎಷ್ಟು ಕೊಡಬಹುದು? 10 ಭಾಗಿಸು 0.13, ಅಂದರೆ ಸುಮಾರು 77 ರೂಪಾಯಿ. ಬ್ಯಾಂಕು ಬೆಳೆಯದೆ ಇದ್ದಲ್ಲೇ ಇದ್ದು, ಲಾಭವನ್ನೆಲ್ಲ ಹಂಚುತ್ತದೆ ಅನ್ನುವ ಲೆಕ್ಕ ಇದು. 80 ರೂಪಾಯಿ ಅಗ್ಗವೇನಲ್ಲ, ಹೆಚ್ಚುಕಮ್ಮಿ ಸರಿಯಾದ ಬೆಲೆ. ಇದೇ 100 ರೂಪಾಯಿ ಪುಸ್ತಕದ ಮೇಲೆ ಇನ್ನೊಂದು ಬ್ಯಾಂಕು 18 ದುಡಿದರೆ ಅದಕ್ಕೆ 138 ಕೊಡಬಹುದು. 1.38ಕ್ಕೆ ಸಿಗುವ ಆ ಬ್ಯಾಂಕು, 0.8ಕ್ಕೆ ಸಿಗುವ ಈ ಬ್ಯಾಂಕಿಗಿಂತ ದುಬಾರಿಯಲ್ಲ.

ಬೆಳವಣಿಗೆಯನ್ನೂ ಸೇರಿಸಿದರೆ ಲೆಕ್ಕ ಹೀಗಾಗುತ್ತದೆ:

```
P/B = (ROE − g) / (k − g)
```

ಇಲ್ಲಿ k ಅಂದರೆ ನಿಮಗೆ ಬೇಕಾದ ಗಳಿಕೆ, g ಅಂದರೆ ಬ್ಯಾಂಕು ವರ್ಷಕ್ಕೆ ಬೆಳೆಯುವ ದರ. ಎರಡೂ ಬ್ಯಾಂಕು ಶೇ 6ರಂತೆ ಬೆಳೆಯುತ್ತವೆ ಅಂದುಕೊಳ್ಳಿ. 18 ದುಡಿಯುವ ಬ್ಯಾಂಕಿಗೆ 12 ಭಾಗಿಸು 7, ಅಂದರೆ 1.71. 10 ದುಡಿಯುವ ಬ್ಯಾಂಕಿಗೆ 4 ಭಾಗಿಸು 7, ಅಂದರೆ 0.57. ಗಮನಿಸಿದಿರಾ? ಬೆಳೆದದ್ದರಿಂದ ಒಳ್ಳೆಯ ಬ್ಯಾಂಕಿನ ಬೆಲೆ ಏರಿತು, ಸಾಧಾರಣ ಬ್ಯಾಂಕಿನ ಬೆಲೆ ಇಳಿಯಿತು. ಹದಿಮೂರು ಬೇಕಾದ ಕಡೆ ಹತ್ತು ದುಡಿಯುವವನು, ಹಂಚಬೇಕಾದ ಲಾಭವನ್ನು ಹಿಡಿದಿಟ್ಟುಕೊಂಡು ಅದೇ ಹತ್ತರ ವ್ಯಾಪಾರಕ್ಕೆ ಮತ್ತೆ ಹಾಕುತ್ತಾನೆ. ಬೆಳೆದಷ್ಟೂ ನಷ್ಟ. "ಶಾಖೆ ಜಾಸ್ತಿ ಮಾಡ್ತಿದಾರೆ, ಸಾಲ ಜಾಸ್ತಿ ಕೊಡ್ತಿದಾರೆ" ಅನ್ನುವ ಸುದ್ದಿ ಎಲ್ಲ ಬ್ಯಾಂಕಿಗೂ ಒಳ್ಳೆಯ ಸುದ್ದಿಯಲ್ಲ.

ಹಾಗಾದರೆ ಒಂದು ಬ್ಯಾಂಕು 18 ದುಡಿಯುವುದು, ಇನ್ನೊಂದು 10 ದುಡಿಯುವುದು ಯಾಕೆ? ಬಹಳ ಸಲ ಉತ್ತರ ಠೇವಣಿಯಲ್ಲಿರುತ್ತದೆ. ಜನರ ಉಳಿತಾಯ ಖಾತೆಯ ಹಣ, ವ್ಯಾಪಾರಿಗಳ ಕರೆಂಟ್ ಖಾತೆಯ ಹಣ ಜಾಸ್ತಿ ಇರುವವನಿಗೆ ದುಡ್ಡು ಅಗ್ಗವಾಗಿ ಸಿಗುತ್ತದೆ. ಎಫ್‌ಡಿಗೆ ಜಾಸ್ತಿ ಬಡ್ಡಿ ಕೊಟ್ಟು ಕರೆಯುವವನಿಗೆ ಸಿಗುವುದಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಕಾಣದ ಆಸ್ತಿ ಏನಾದರೂ ಇದ್ದರೆ ಅದು ಇದೇ, ನಮ್ಮ ಮಂಡಿಯವರ ರೈತರ ನಂಬಿಕೆಯ ಥರ. 1ರ ಮೇಲೆ ಕೊಡುವ ಬೆಲೆಯ ಹೆಚ್ಚಿನ ಪಾಲು ಇದಕ್ಕೇ ಹೋಗುತ್ತದೆ.

ಇಷ್ಟು ಹೊತ್ತು 100 ಅನ್ನುವ ಪುಸ್ತಕ ಮೌಲ್ಯವನ್ನು ನಂಬಿಕೊಂಡೇ ಮಾತಾಡಿದೆವು. ಈಗ ಪೊಟ್ಟಣ ಬಿಚ್ಚಿ ತೂಗಬೇಕು.

ಕಾಗದದ ಬ್ಯಾಂಕಿನ ಸಾಲಕ್ಕೆ ವಾಪಸ್ ಹೋದೆ. ಕಂತೋ ಬಡ್ಡಿಯೋ 90 ದಿನ ದಾಟಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ. ಬೆಳೆ ಸಾಲಕ್ಕೆ ಮಾತ್ರ ಲೆಕ್ಕ ಬೇರೆ, ದಿನದ ಬದಲು ಬೆಳೆಯ ಹಂಗಾಮು ನೋಡುತ್ತಾರೆ. ಎನ್‌ಪಿಎ ಆದ ಮೇಲೆ ಬ್ಯಾಂಕು ಲಾಭದಿಂದ ಒಂದಿಷ್ಟು ತೆಗೆದು ಆ ಸಾಲಕ್ಕೆ ಎದುರಾಗಿ ಇಡಬೇಕು. ಇದಕ್ಕೆ ಪ್ರಾವಿಷನ್ ಅನ್ನುತ್ತಾರೆ. ಅಡಮಾನ ಇರುವ ಸಾಲಕ್ಕೆ ಮೊದಲ ವರ್ಷ ಶೇ 15 ಇಟ್ಟರೆ ಸಾಕು. ಹಳೆಯದಾದಂತೆ ಏರುತ್ತಾ ಹೋಗಿ ಕೊನೆಗೆ ನೂರಕ್ಕೆ ನೂರು. ಅಂದರೆ ಸಾಲ ಕೆಟ್ಟ ದಿನವೇ ಪುಸ್ತಕಕ್ಕೆ ಪೂರ್ತಿ ಪೆಟ್ಟು ಬೀಳುವುದಿಲ್ಲ. ಕಂತು ಕಂತಾಗಿ ಬೀಳುತ್ತದೆ.

ನಮ್ಮ ಬ್ಯಾಂಕಿನ 700 ಕೋಟಿಯಲ್ಲಿ ಶೇ 5, ಅಂದರೆ 35 ಕೋಟಿ ಕೆಟ್ಟಿದೆ ಅಂದುಕೊಳ್ಳಿ. ಇದು ಒಟ್ಟು ಎನ್‌ಪಿಎ. ಅದಕ್ಕೆ 14 ಕೋಟಿ ಪ್ರಾವಿಷನ್ ಇಟ್ಟಾಗಿದೆ, ಆ ಮೊತ್ತ ಪುಸ್ತಕದಿಂದ ಆಗಲೇ ಹೋಗಿದೆ. ಉಳಿದ 21 ಕೋಟಿ ನಿವ್ವಳ ಎನ್‌ಪಿಎ. ಅದು ಇನ್ನೂ ಒಳ್ಳೆಯ ಆಸ್ತಿಯ ಹಾಗೆ ಪುಸ್ತಕದಲ್ಲಿ ಕೂತಿದೆ. ಸಾಲದ ಲೆಕ್ಕದಲ್ಲಿ ಇದು ಶೇ 3, ಕೇಳಲು ಏನೂ ಅಲ್ಲ. ಆದರೆ ಷೇರುದಾರರ 100 ಕೋಟಿಯ ಎದುರು ಇಟ್ಟು ನೋಡಿ. ಶೇ 21! ಸಾಲದ ದುಡ್ಡು ಬಹುಪಾಲು ಬೇರೆಯವರದು. ನಷ್ಟ ಮಾತ್ರ ಮೊದಲು ಷೇರುದಾರನದು. ಪುಸ್ತಕ ತೆಳುವಾಗಿರುವುದರಿಂದ ಸಾಲದಲ್ಲಿ ಆದ ಚಿಕ್ಕ ತೂತು ಇಲ್ಲಿ ದೊಡ್ಡದಾಗಿ ಕಾಣುತ್ತದೆ.

ಆ 21 ಕೋಟಿಯಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ ಅಂತ ಕಟುವಾಗಿ ಹಿಡಿದರೆ ಪುಸ್ತಕ ಮೌಲ್ಯ 79 ರೂಪಾಯಿ. ಷೇರು ಬೆಲೆ 80. 0.8 ಅಂದಿದ್ದು ಈಗ 1ಕ್ಕಿಂತ ಕೂದಲೆಳೆ ಮೇಲೆ.

ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ಪೇಟೆಯವರು ಈ ಲೆಕ್ಕ ಆಗಲೇ ಹಾಕ್ಬಿಟ್ಟಿದಾರೆ."

ಬಹಳ ಸಲ ಹಾಗೇ. ಅವರು ಅಡಿಕೆ ಲಾಟಿನಲ್ಲಿ ಕೈ ಹಾಕಿ ಹಸಿ ಎಷ್ಟು, ಹುಳುಕು ಎಷ್ಟು ನೋಡಿ ದರ ಕಟ್ಟುವುದಿಲ್ಲವೇ, ಹಾಗೆ. ಒಂದು ಎಚ್ಚರಿಕೆ ಹೇಳಬೇಕು. ಅಡಮಾನ ಇದ್ದರೆ ಒಂದಿಷ್ಟು ವಸೂಲಾಗೇ ಆಗುತ್ತದೆ, ಹಾಗಾಗಿ ಪೂರ್ತಿ 21 ಕಳೆಯುವುದು ಜಾಸ್ತಿಯೇ ಕಠಿಣ. ಇನ್ನೊಂದು, ಕೆಟ್ಟ ಸಾಲ ಇರುವ ಬ್ಯಾಂಕಿನ ROE ಕೂಡ ಪ್ರಾವಿಷನ್ ಕಾರಣಕ್ಕೆ ಆಗಲೇ ಇಳಿದಿರುತ್ತದೆ. ಪುಸ್ತಕದಿಂದಲೂ ಕಳೆದು, ಇಳಿದ ROEಯನ್ನೂ ಹಿಡಿದು ಬೆಲೆ ಕಟ್ಟಿದರೆ ಒಂದೇ ತಪ್ಪಿಗೆ ಎರಡು ಸಲ ದಂಡ ಹಾಕಿದಂತೆ. ನಾನು ಮೊದಲು ನಿವ್ವಳ ಎನ್‌ಪಿಎ ಕಳೆದು ನೋಡುತ್ತೇನೆ. ಆಮೇಲೆ ಪ್ರಾವಿಷನ್ ಭಾರ ಮಾಮೂಲಿಗೆ ಬಂದಾಗ ROE ಎಷ್ಟಿರಬಹುದು ಅಂತ ಬೇರೆಯಾಗಿ ಅಂದಾಜು ಮಾಡುತ್ತೇನೆ.

ಇದೆಲ್ಲ ಬ್ಯಾಂಕು ತನ್ನ ಕೆಟ್ಟ ಸಾಲವನ್ನು ಕೆಟ್ಟದ್ದು ಅಂತ ಒಪ್ಪಿಕೊಂಡಾಗಿನ ಮಾತು. ಒಪ್ಪಿಕೊಳ್ಳದಿದ್ದರೆ? ಹಳೇ ಸಾಲ ತೀರಿಸಲು ಅದೇ ಸಾಲಗಾರನಿಗೆ ಹೊಸ ಸಾಲ ಕೊಟ್ಟರೆ 90 ದಿನದ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಪುಸ್ತಕ ಚೊಕ್ಕಟ. ರಘುರಾಂ ರಾಜನ್ ಗವರ್ನರ್ ಆಗಿದ್ದಾಗ 2015ರಲ್ಲಿ ರಿಸರ್ವ್ ಬ್ಯಾಂಕು ಇಂಥ ಸಾಲಗಳನ್ನು ಹುಡುಕಿ ತೆಗೆಯಲು ವಿಶೇಷ ತಪಾಸಣೆ ನಡೆಸಿತು. ಮುಂದಿನ ವರ್ಷಗಳಲ್ಲಿ ಬ್ಯಾಂಕುಗಳ ಒಟ್ಟು ಎನ್‌ಪಿಎ ಏರುತ್ತಾ ಹೋಗಿ 2018ರ ಮಾರ್ಚ್ ಹೊತ್ತಿಗೆ ಶೇ 11 ದಾಟಿತು. ಸಾಲಗಳು ಆ ಮೂರು ವರ್ಷದಲ್ಲೇ ಕೆಟ್ಟಿದ್ದಲ್ಲ. ಕೆಟ್ಟಿದ್ದು ಆಗ ಪುಸ್ತಕಕ್ಕೆ ಬಂತು.

ಯೆಸ್ ಬ್ಯಾಂಕಿನ ಕತೆ ಇಲ್ಲಿ ಹೇಳಲೇಬೇಕು. 2016ರ ಮಾರ್ಚ್‌ಗೆ ತನ್ನ ಒಟ್ಟು ಎನ್‌ಪಿಎ 749 ಕೋಟಿ ಅಂತ ಅದು ಹೇಳಿತ್ತು. ರಿಸರ್ವ್ ಬ್ಯಾಂಕು ಅದೇ ಪುಸ್ತಕ ನೋಡಿ 4,900 ಕೋಟಿಗೂ ಹೆಚ್ಚು ಅಂದಿತು. ಮರುವರ್ಷವೂ ಹಾಗೇ ಆಯಿತು, ವ್ಯತ್ಯಾಸ 6,355 ಕೋಟಿ. ಇದು ಗುಟ್ಟಾಗಿ ಇರಲಿಲ್ಲ. ಇಂಥ ವ್ಯತ್ಯಾಸ ದೊಡ್ಡದಿದ್ದರೆ ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಬರೆಯಬೇಕು ಅಂತ 2017ರಲ್ಲೇ ನಿಯಮ ಬಂದಿತ್ತು, ಬ್ಯಾಂಕು ಬರೆದೂ ಇತ್ತು. ಆದರೂ 2018ರಲ್ಲಿ ಜನ ಪುಸ್ತಕ ಮೌಲ್ಯದ ಎರಡೂವರೆ ಪಟ್ಟಿಗೂ ಜಾಸ್ತಿ ಕೊಟ್ಟು ಆ ಷೇರು ಕೊಂಡರು. ಆಗ ಪುಸ್ತಕ ಮೌಲ್ಯ ಷೇರಿಗೆ ಸುಮಾರು 112 ರೂಪಾಯಿ. 2019ರ ಡಿಸೆಂಬರ್‌ಗೆ ಮುಗಿದ ಮೂರೇ ತಿಂಗಳಲ್ಲಿ 18,564 ಕೋಟಿ ನಷ್ಟ ತೋರಿಸಬೇಕಾಯಿತು. 2020ರ ಮಾರ್ಚ್ 5ರಂದು ಖಾತೆದಾರರು 50 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂತ ಆದೇಶ ಬಂತು. ಉಳಿಸಲು ಬಂದ ಸ್ಟೇಟ್ ಬ್ಯಾಂಕು ಷೇರಿಗೆ ಕೊಟ್ಟಿದ್ದು 10 ರೂಪಾಯಿ. ಷೇರು ಬೆಲೆ ಕುಸಿಯುತ್ತಿದ್ದ ದಿನಗಳಲ್ಲಿ ಆ ಬ್ಯಾಂಕಿನ P/B ಪರದೆಯ ಮೇಲೆ ತುಂಬಾ ಅಗ್ಗವಾಗಿ ಕಂಡಿತ್ತು. ಮೇಲಿನ ಬೆಲೆ ದಿನಾ ಬದಲಾಗುತ್ತದೆ, ಕೆಳಗಿನ ಪುಸ್ತಕ ಮೂರು ತಿಂಗಳಿಗೊಮ್ಮೆ. ನಡುವಿನ ದಿನಗಳಲ್ಲಿ ಪರದೆ ಹೇಳುವುದು ಹಳೇ ಪುಸ್ತಕದ ಲೆಕ್ಕ.

ಅಡಮಾನ ಇಲ್ಲದ ಸಾಲ ಕೊಡುವವರ ಪುಸ್ತಕವನ್ನು ಇನ್ನೂ ಅನುಮಾನದಿಂದ ನೋಡಬೇಕು. ನಮ್ಮ ರಾಜ್ಯದ ಕೋಲಾರವೇ ಅದಕ್ಕೆ ಸಾಕ್ಷಿ. ಮಹಿಳಾ ಗುಂಪುಗಳಿಗೆ ಕೊಟ್ಟ ಮೈಕ್ರೋಫೈನಾನ್ಸ್ ಸಾಲದ ಕಂತು ವಾರ ವಾರ ತಪ್ಪದೆ ಬರುತ್ತಿತ್ತು. ಒಬ್ಬೊಬ್ಬರ ಮೇಲೆ ಮೂರು ನಾಲ್ಕು ಕಂಪನಿಯ ಸಾಲ ಏರಿತ್ತು, ರೇಷ್ಮೆ ಕೆಲಸದ ಆದಾಯ ಸೊರಗಿತ್ತು. 2009ರಲ್ಲಿ ಬೀದಿ ಬೀದಿಗಳಲ್ಲಿ ಜನ ಒಟ್ಟಾಗಿ ಕಟ್ಟುವುದನ್ನೇ ನಿಲ್ಲಿಸಿದರು. ಗಿರವಿ ಅಂಗಡಿಯವನಿಗೆ ಸಾಲಗಾರ ಬರದಿದ್ದರೆ ಒಡವೆಯಾದರೂ ಉಳಿಯುತ್ತದೆ. ಇಲ್ಲಿ ಉಳಿಯುವುದು ಸಹಿ ಮಾಡಿದ ಕಾಗದ. ಇಬ್ಬರ ಪುಸ್ತಕದಲ್ಲೂ 100 ಅಂತಲೇ ಬರೆದಿರುತ್ತದೆ. ಮೈಕ್ರೋಫೈನಾನ್ಸ್ ಕಂಪನಿ ಒಳ್ಳೆಯ ವರ್ಷಗಳಲ್ಲಿ ಕೈತುಂಬ ROE ತೋರಿಸಿ, ಕೆಟ್ಟ ಒಂದು ವರ್ಷದಲ್ಲಿ ಎಲ್ಲ ವಾಪಸ್ ಕೊಟ್ಟುಬಿಡಬಹುದು. ಒಳ್ಳೆಯ ವರ್ಷದ P/B ನೋಡಿ ಕೊಂಡವರು ಕೆಟ್ಟ ವರ್ಷವನ್ನೂ ಅದೇ ಬೆಲೆಗೆ ಕೊಂಡಿರುತ್ತಾರೆ.

ಸಾಲವಷ್ಟೇ ಅಲ್ಲ, ಬಾಂಡೂ ಮೋಸ ಮಾಡಬಹುದು. ಬಡ್ಡಿ ದರ ಏರಿದರೆ ಹಳೇ ಬಾಂಡಿನ ಬೆಲೆ ಇಳಿಯುತ್ತದೆ. ಆದರೆ ಅವಧಿ ಮುಗಿಯುವ ತನಕ ಇಟ್ಟುಕೊಳ್ಳುತ್ತೇವೆ ಅಂತ ಹೇಳಿದ ಬಾಂಡನ್ನು ಕೊಂಡ ಬೆಲೆಯ ಲೆಕ್ಕದಲ್ಲೇ ತೋರಿಸಬಹುದು. 2022ರ ಕೊನೆಗೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಪುಸ್ತಕ ಮೌಲ್ಯ ಸುಮಾರು 1,600 ಕೋಟಿ ಡಾಲರ್. ಹೀಗೆ ಕಾಣದೆ ಉಳಿದ ಬಾಂಡಿನ ನಷ್ಟ ಸುಮಾರು 1,500 ಕೋಟಿ ಡಾಲರ್. ಅದನ್ನು ಟಿಪ್ಪಣಿಯಲ್ಲಿ ಬರೆದಿದ್ದರು. 2023ರ ಮಾರ್ಚ್‌ನಲ್ಲಿ ಠೇವಣಿದಾರರು ಒಟ್ಟಿಗೆ ಓಡಿ ಬಂದಾಗ ಬ್ಯಾಂಕು ಎರಡೇ ದಿನದಲ್ಲಿ ಮುಳುಗಿತು.

ಮಾತು ಮುಗಿಯಿತು ಅಂದುಕೊಂಡಾಗ ವ್ಯಾಪಾರಿ ಒಂದು ಒಳ್ಳೆಯ ಪ್ರಶ್ನೆ ಹಾಕಿದರು. "ಷೇರು ಬೆಲೆ 0.8 ಇದ್ರೆ ಬ್ಯಾಂಕಿಗೇನು ನಷ್ಟ? ಅದರ ದುಡ್ಡು ಅದರ ಹತ್ರಾನೇ ಇರುತ್ತಲ್ಲ?"

ಬೇರೆ ವ್ಯಾಪಾರಕ್ಕೆ ಈ ಮಾತು ಬಹುಮಟ್ಟಿಗೆ ಸರಿ. ಬ್ಯಾಂಕಿಗೆ ಅಲ್ಲ. ಬೆಳೆಯಬೇಕಾದರೆ ಬಂಡವಾಳ ಬೇಕು, ಲಾಭ ಸಾಲದಿದ್ದರೆ ಹೊಸ ಷೇರು ಮಾರಬೇಕು. ನಮ್ಮ ಬ್ಯಾಂಕಿಗೆ 50 ಕೋಟಿ ಬೇಕು ಅಂದುಕೊಳ್ಳಿ. ಷೇರು 200ಕ್ಕೆ ಹೋಗುತ್ತಿದ್ದರೆ 25 ಲಕ್ಷ ಷೇರು ಮಾರಿದರೆ ಸಾಕು. ಪುಸ್ತಕ 150 ಕೋಟಿ, ಷೇರು ಒಂದೂಕಾಲು ಕೋಟಿ. ಷೇರಿಗೆ 120 ರೂಪಾಯಿ ಆಯಿತು. ಹಳೇ ಷೇರುದಾರ ಏನೂ ಮಾಡದೆ ಅವನ 100 ಬೆಳೆಯಿತು. ಅದೇ ಷೇರು 50ಕ್ಕೆ ಬಿದ್ದಿದ್ದರೆ ಒಂದು ಕೋಟಿ ಷೇರು ಮಾರಬೇಕು. ಪುಸ್ತಕ ಅದೇ 150 ಕೋಟಿ, ಷೇರು ಎರಡು ಕೋಟಿ. ಷೇರಿಗೆ 75. ಹಳೆಯವನ 100ರಲ್ಲಿ 25 ಕರಗಿತು, ಒಂದು ಸಾಲವೂ ಹೊಸದಾಗಿ ಕೆಡದೆ. P/B ಕಡಿಮೆ ಇರುವ ಬ್ಯಾಂಕು ಬಂಡವಾಳ ಎತ್ತಲೇಬೇಕಾದ ಸ್ಥಿತಿಯಲ್ಲಿದ್ದರೆ, ಇವತ್ತು ನೀವು 80 ಕೊಟ್ಟು ಕೊಂಡ 100 ನಾಳೆ 100 ಆಗಿ ಉಳಿದಿರುವುದಿಲ್ಲ.

ಅವರು ಮೊಬೈಲ್ ವಾಪಸ್ ತೆಗೆದುಕೊಂಡು ಆ ಬ್ಯಾಂಕಿನ ವಾರ್ಷಿಕ ವರದಿ ತೆರೆದರು. ಮುನ್ನೂರು ಪುಟಕ್ಕೂ ಮಿಕ್ಕಿತ್ತು. ಮೂರು ಕಡೆ ಗುರುತು ಹಾಕಿಸಿದೆ: ನಿವ್ವಳ ಎನ್‌ಪಿಎ ಎಷ್ಟು ಕೋಟಿ, ಬಂಡವಾಳದ ಅನುಪಾತ 11.5ರಿಂದ ಎಷ್ಟು ಮೇಲಿದೆ, ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ವ್ಯತ್ಯಾಸ ಇದೆಯೇ ಅನ್ನುವ ಟಿಪ್ಪಣಿ. ಮೂರನೆಯದನ್ನು ಹುಡುಕುವುದರಲ್ಲಿ ಕಾಫಿ ಆರಿಹೋಯಿತು. ರಿಟರ್ನ್ ಕಾಗದ ಮಾತ್ರ ಆವತ್ತು ತಂದೇ ಇರಲಿಲ್ಲ ಅವರು.